ಅತ್ತಿಗೆಯ ಆನೆಗೆ ಬಂದ ಮೊದಲ ಆರ್ಡರ್

ಪ್ರಶ್ನೆ: ಮೇಡಂ, ನಾನು ಗೃಹಿಣಿ, ಊರು ಧಾರವಾಡ. ಎರಡು ವರ್ಷದಿಂದ ಕ್ರೋಶಾ ಗೊಂಬೆ ಹೆಣೆಯುತ್ತಿದ್ದೇನೆ. ನಾಲ್ಕು ತಿಂಗಳ ಹಿಂದೆ ಮೊಲ, ಕೋಳಿಮರಿ, ಆಮೆ ಎಲ್ಲ ಸೇರಿ 11 ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದೆ. ಲೈಕ್ ತುಂಬಾ ಬರುತ್ತವೆ, ಆರ್ಡರ್ ಒಂದೂ ಬಂದಿಲ್ಲ. ಫೋಟೊ ಕೆಳಗೆ ಏನು ಬರೆಯಬೇಕು ಅಂತಲೇ ಗೊತ್ತಾಗುತ್ತಿಲ್ಲ. ಯಾರಿಗಾದರೂ ಮೊದಲ ಆರ್ಡರ್ ಹೇಗೆ ಬಂತು, ಯಾವ ಮಾತಿನಿಂದ ಬಂತು ಅಂತ ಕಥೆ ಥರ ಹೇಳುತ್ತೀರಾ?

ಉತ್ತರ: ಹಾಸನದಲ್ಲಿರುವ ನನ್ನ ಅತ್ತಿಗೆಯ ಕಥೆ ಹೇಳುತ್ತೇನೆ. ಮನೆಯಿಂದ ಮಾರುವವರ ಲಿಸ್ಟಿಂಗ್ ತಿದ್ದಿಕೊಡುವುದು ನನ್ನ ಕೆಲಸ. ಎಷ್ಟೋ ಜನರ ಬರಹ ತಿದ್ದಿದ್ದೇನೆ. ಆದರೆ ಒಂದು ಆರ್ಡರ್ ಯಾವ ಸಾಲಿನಿಂದ ಬಂತು ಅಂತ ಬೆರಳಿಟ್ಟು ತೋರಿಸಬಹುದಾದ ಸಂದರ್ಭ ಸಿಗುವುದು ಕಡಿಮೆ. ಅತ್ತಿಗೆಯ ಆನೆಯ ವಿಷಯದಲ್ಲಿ ಅದು ಸಿಕ್ಕಿತು.

ಅತ್ತಿಗೆ ಮೊದಲು ಹೆಣೆಯುತ್ತಿದ್ದದ್ದು ಬಾಗಿಲ ತೋರಣ, ಟಿ.ವಿ. ಮೇಲೆ ಹಾಸುವ ಬಟ್ಟೆ, ಮನೆಯ ಮಕ್ಕಳಿಗೆ ಕುಲಾವಿ. ಗೊಂಬೆ ಶುರು ಮಾಡಿದ್ದು ಮಗಳು ಕಾಲೇಜಿಗೆ ಹೋದ ಮೇಲೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸಂಜೆ ಕಾಫಿ ಹೊತ್ತಿನವರೆಗೆ ಕಿಟಕಿ ಪಕ್ಕ ಕೂತು ಹೆಣೆಯುತ್ತಿದ್ದರು. 8 ಗೊಂಬೆ ಆದವು. ಅವುಗಳಲ್ಲಿ ಚೆನ್ನಾಗಿ ಬಂದದ್ದು ಬೂದು ಬಣ್ಣದ ಒಂದು ಆನೆ ಮರಿ. ಬೆನ್ನ ಮೇಲೆ ಕೆಂಪು ಜೂಲು, ಕಪ್ಪಗೆ ಹೊಳೆಯುವ ಪ್ಲಾಸ್ಟಿಕ್ ಕಣ್ಣು, ಸ್ವಲ್ಪ ಮೇಲೆತ್ತಿದ ಸೊಂಡಿಲು. ನೋಡಿದರೆ ಕೈಗೆತ್ತಿಕೊಳ್ಳಬೇಕು ಅನಿಸುತ್ತಿತ್ತು.

ಮಗಳು ಮೊಬೈಲ್‌ನಲ್ಲಿ ಫೋಟೊ ತೆಗೆದು ಒಂದು ಮಾರಾಟದ ತಾಣಕ್ಕೆ ಹಾಕಿದಳು. ಶೀರ್ಷಿಕೆ ಇಂಗ್ಲಿಷ್‌ನಲ್ಲಿ, ‘ಕ್ಯೂಟ್ ಹ್ಯಾಂಡ್‌ಮೇಡ್ ಅಮಿಗುರುಮಿ ಎಲಿಫೆಂಟ್’. ಕೆಳಗಿನ ವಿವರವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: ‘ಪ್ರೀತಿಯಿಂದ ಕೈಯಲ್ಲೇ ಹೆಣೆದ ಮುದ್ದಾದ ಆನೆ. ಉತ್ತಮ ಗುಣಮಟ್ಟ. ಉಡುಗೊರೆಗೆ ಮತ್ತು ಮನೆಯ ಅಲಂಕಾರಕ್ಕೆ ಸೂಕ್ತ. ನಿಮ್ಮ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ.’

ಮೂರು ತಿಂಗಳು ಏನೂ ಆಗಲಿಲ್ಲ. ಏನೂ ಅಂದರೆ ಆರ್ಡರ್ ಮಾತ್ರ ಇಲ್ಲ, ಲೈಕ್ ಇದ್ದವು. ‘ವಾವ್’ ಇತ್ತು, ‘ಪ್ಯಾಟರ್ನ್ ಕೊಡುತ್ತೀರಾ ಅಕ್ಕಾ’ ಅಂತಲೂ ಇತ್ತು. ಒಬ್ಬರಂತೂ ಯಾವ ನಂಬರ್ ಕಡ್ಡಿ ಬಳಸಿದ್ದೀರಿ ಅಂತ ಕೇಳಿದ್ದರು. ಇದು ನಿಮ್ಮ ಕಥೆಯೂ ಹೌದು ಅನಿಸುತ್ತಿದೆ. ನಿಮ್ಮ ಲೈಕ್‌ಗಳನ್ನು ಒಮ್ಮೆ ತೆರೆದು, ಕೊಟ್ಟವರು ಯಾರು ಅಂತ ನೋಡಿ. ಅತ್ತಿಗೆಗೆ ಲೈಕ್ ಕೊಟ್ಟವರಲ್ಲಿ ಹೆಚ್ಚಿನವರು ತಾವೇ ಹೆಣೆಯುವವರಾಗಿದ್ದರು.

ಅದಕ್ಕೆ ಕಾರಣ ಶೀರ್ಷಿಕೆಯಲ್ಲೇ ಇತ್ತು. ‘ಅಮಿಗುರುಮಿ’ ಅನ್ನುವುದು ಜಪಾನಿ ಮಾತು. ಹೆಣೆದು, ಒಳಗೆ ಹತ್ತಿಯೋ ಫೈಬರೋ ತುಂಬಿದ ಪುಟ್ಟ ಗೊಂಬೆಗೆ ಆ ಹೆಸರು. ಹೆಣೆಯುವವರಿಗೆಲ್ಲ ಆ ಮಾತು ಗೊತ್ತು, ಹುಡುಕುವ ಕಡೆ ಅದನ್ನು ಟೈಪ್ ಮಾಡುವವರೂ ಅವರೇ. ಒಂದು ವರ್ಷದ ಮಗುವಿಗೆ ಉಡುಗೊರೆ ಹುಡುಕುವ ಸೋದರತ್ತೆ ಅದನ್ನು ಟೈಪ್ ಮಾಡುವುದಿಲ್ಲ. ಅವಳು ‘ಬೇಬಿ ಸಾಫ್ಟ್ ಟಾಯ್’, ‘ಎಲಿಫೆಂಟ್ ಟಾಯ್’, ‘ಗಿಫ್ಟ್ ಫಾರ್ ಒನ್ ಇಯರ್ ಓಲ್ಡ್’ ಅಂತ ಹುಡುಕುತ್ತಾಳೆ. ‘ಕ್ಯೂಟ್’ ಅಂತ ಹುಡುಕುವವರೂ ಕಡಿಮೆ. ಅಂದರೆ ಆ ಶೀರ್ಷಿಕೆಯಲ್ಲಿ ಕೊಳ್ಳುವವರ ಮಾತು ಅಂತ ಇದ್ದದ್ದು ‘ಎಲಿಫೆಂಟ್’ ಒಂದೇ. ಉಳಿದ ಮಾತುಗಳು ಅತ್ತಿಗೆಯಂಥವರನ್ನೇ ಅತ್ತಿಗೆಯ ಹತ್ತಿರ ಕರೆತಂದವು. ಅವರಿಗೆ ಗೊಂಬೆ ಬೇಕಾಗಿರಲಿಲ್ಲ, ಅವರೇ ಮಾಡಬಲ್ಲರು.

ಇಷ್ಟನ್ನು ನಾನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಿವರದಲ್ಲಿ ಏನು ಬರೆಯಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ನಮ್ಮ ನೆಂಟರೊಬ್ಬರ ಮನೆಯ ನಾಮಕರಣದಲ್ಲಿ.

ಅತ್ತಿಗೆ ಆ ಆನೆಯನ್ನೇ ಉಡುಗೊರೆಗೆ ಅಂತ ತಂದಿದ್ದರು. ಊಟಕ್ಕೆ ಇನ್ನೂ ಹೊತ್ತಿತ್ತು. ತೊಟ್ಟಿಲ ಪಕ್ಕ ಜಮಖಾನದ ಮೇಲೆ ಹೆಂಗಸರು ಕೂತಿದ್ದರು. ಆನೆ ಕೈಯಿಂದ ಕೈಗೆ ಹೋಯಿತು. ನಾನು ಸುಮ್ನೆ ನೋಡುತ್ತಿದ್ದೆ. ಮೊದಲು ಮಗುವಿನ ಅಜ್ಜಿ ತೆಗೆದುಕೊಂಡರು. ಅವರು ‘ಚೆನ್ನಾಗಿದೆ’ ಅನ್ನುವ ಮೊದಲೇ ಹೆಬ್ಬೆರಳ ಉಗುರನ್ನು ಆನೆಯ ಕಣ್ಣಿನ ಕೆಳಗೆ ತೂರಿಸಿ ಎತ್ತಿ ನೋಡಿದರು. ‘ಇದು ಕಿತ್ತು ಬರಲ್ಲ ತಾನೇ?’ ಅಂದರು. ಆಮೇಲೆ ಮೂಸಿ ನೋಡಿದರು. ಪಕ್ಕದವರು ಹೊಟ್ಟೆ ಒತ್ತಿ, ‘ಒಳಗೆ ಏನು ತುಂಬಿದೀರಾ?’ ಅಂದರು. ಇನ್ನೊಬ್ಬರು ‘ತೊಳೆಯಬಹುದಾ? ಜೊಲ್ಲು ಆಗತ್ತಲ್ಲ’ ಅಂದರು. ಮಗುವಿನ ತಾಯಿ ಬಾಣಂತನದ ಆಯಾಸದಲ್ಲೇ ಕೈ ಚಾಚಿ ಆನೆ ಇಸಿದುಕೊಂಡಳು. ಅವಳೂ ಮಾತಾಡದೆ ಅದೇ ಕಣ್ಣನ್ನು ಉಗುರಿನಿಂದ ಎತ್ತಿ ನೋಡಿದಳು.

ಅತ್ತಿಗೆಗೆ ಬೇಜಾರಾಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ, ‘ಏಳು ಗಂಟೆ ಕೂತು ಮಾಡಿದೀನಿ ಕಣೆ, ಎಲ್ಲರೂ ಕಣ್ಣು ಕೀಳಕ್ಕೇ ನೋಡಿದರು’ ಅಂದರು. ನಾನು, ‘ಅತ್ತಿಗೆ, ಅವರು ಕೇಳಿದ್ದನ್ನೆಲ್ಲ ಮರೆಯುವ ಮೊದಲು ಬರೆದುಕೊಳ್ಳಿ’ ಅಂದೆ. ಮನೆಗೆ ಬಂದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಕಣ್ಣು ಕಿತ್ತು ಬರತ್ತಾ? ಒಳಗೆ ಏನಿದೆ? ತೊಳೆಯಬಹುದಾ? ಬಣ್ಣ ಬಿಡತ್ತಾ? ಮಗುವಿಗೆ ಹಿಡಿಯೋಕೆ ಆಗತ್ತಾ, ದೊಡ್ಡದಾಯ್ತಾ? ಐದೇ ಪ್ರಶ್ನೆ. ಗೊಂಬೆ ಎಷ್ಟು ಮುದ್ದಾಗಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಅದು ಕಣ್ಣಿಗೇ ಕಾಣುತ್ತದೆ ಅಲ್ವಾ? ಹಳೆಯ ವಿವರದಲ್ಲಿ ಇದ್ದದ್ದೆಲ್ಲ ಅದೇ. ಈ ಐದರಲ್ಲಿ ಒಂದಕ್ಕೂ ಅಲ್ಲಿ ಉತ್ತರ ಇರಲಿಲ್ಲ.

ಅಂಗಡಿಯಲ್ಲಾದರೆ ಕೊಳ್ಳುವವರು ಗೊಂಬೆಯನ್ನು ಹಿಡಿದು, ಎಳೆದು, ಮೂಸಿ ತೀರ್ಮಾನ ಮಾಡುತ್ತಾರೆ. ಫೋನಿನಲ್ಲಿ ಆ ಬೆರಳಿಗೆ ಗೊಂಬೆ ಸಿಗುವುದಿಲ್ಲ. ಆ ಬೆರಳು ಮಾಡುತ್ತಿದ್ದ ಪರೀಕ್ಷೆಯ ಫಲಿತಾಂಶವನ್ನು ಬರಹ ಕೊಡಬೇಕು. ನಾನು ಈ ಕೆಲಸದಲ್ಲಿ ನಂಬಿರುವುದು ಇದೊಂದನ್ನೇ.

ಆದರೆ ಉತ್ತರ ಬರೆಯಲು ಕೂತಾಗ ಕಷ್ಟ ಶುರುವಾಯಿತು. ‘ಕಣ್ಣು ಕಿತ್ತು ಬರುವುದಿಲ್ಲ’ ಅಂತ ಬರೆಯೋಣ ಅಂದೆ. ಅತ್ತಿಗೆ ಪೆನ್ನು ಕೆಳಗಿಟ್ಟರು. ‘ಹಾಗಂತ ನಾನು ಹೇಳಕ್ಕಾಗಲ್ಲ’ ಅಂದರು.

ಅವರು ಬಳಸಿದ್ದು ‘ಸೇಫ್ಟಿ ಐ’ ಅಂತ ಮಾರುವ ಪ್ಲಾಸ್ಟಿಕ್ ಕಣ್ಣು. ನಿಮಗೂ ಗೊತ್ತಿರುತ್ತದೆ. ಮುಂದೆ ಗುಂಡಿಯಂಥ ಕಣ್ಣು, ಹಿಂದೆ ಗೆರೆಗೆರೆಯ ಕಡ್ಡಿ. ಒಳಗಿನಿಂದ ವಾಷರ್ ಒತ್ತಿದರೆ ಕಟ್ ಕಟ್ ಅಂತ ಕೂರುತ್ತದೆ, ಮತ್ತೆ ಬಿಚ್ಚಲು ಆಗುವುದಿಲ್ಲ. ಹೆಸರಿನಲ್ಲೇ ಸೇಫ್ಟಿ ಇದೆ. ತೊಂದರೆ ಇರುವುದು ಕಣ್ಣಿನಲ್ಲಿ ಅಲ್ಲ, ಅದು ಕೂತಿರುವ ಹೆಣಿಗೆಯಲ್ಲಿ. ನೇಯ್ದ ಬಟ್ಟೆಯ ಹಾಗಲ್ಲ, ಕ್ರೋಶಾ ಹೆಣಿಗೆ ಹಿಗ್ಗುತ್ತದೆ. ಮಗು ದಿನಾ ಎಳೆದು ಎಳೆದು, ಜಗಿದು ಜಗಿದು ಒದ್ದೆ ಮಾಡಿದರೆ ಕಣ್ಣಿನ ಸುತ್ತಲಿನ ತೂತು ದೊಡ್ಡದಾಗುತ್ತದೆ. ಒಂದು ದಿನ ವಾಷರ್ ಸಮೇತ ಕಣ್ಣು ಹೊರಗೆ ಬರಬಹುದು. ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವಷ್ಟೇ ಅಳತೆಯ ವಸ್ತು ಅದು. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು, ಮಣಿ, ಗುಂಡಿ ಯಾವುದೂ ಬೇಡ ಅನ್ನುವುದು ಇದಕ್ಕೇ.

ಹಾಗಾಗಿ ಬರಹ ನಿಂತಿತು, ಹೆಣಿಗೆ ಮತ್ತೆ ಶುರುವಾಯಿತು. ಹೊಸ ಆನೆಗೆ ಅತ್ತಿಗೆ ಕಣ್ಣನ್ನು ಕಪ್ಪು ಹತ್ತಿ ದಾರದಲ್ಲಿ ಹೊಲಿದರು. ತಲೆ ಮುಚ್ಚುವ ಮೊದಲೇ, ಒಳಗೆ ಕೈ ಹೋಗುವಾಗಲೇ ಹೊಲಿಯಬೇಕು. ಗಂಟು ಒಳಗೆ ಉಳಿಯುತ್ತದೆ, ದಾರದ ತುದಿಯನ್ನು ಒಳಗಿನ ಹೊಲಿಗೆಗಳಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಓಡಿಸಿ ಕತ್ತರಿಸಬಹುದು. ಮೊದಲ ಸಲ ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ ಆಯಿತು. ಬಿಚ್ಚಿದರು. ಎರಡನೇ ಸಲ ಎರಡೂ ಕಣ್ಣಿನ ಜಾಗಕ್ಕೆ ಬೇರೆ ಬಣ್ಣದ ದಾರದ ಗುರುತು ಹಾಕಿಕೊಂಡು, ಮಧ್ಯದ ಹೊಲಿಗೆ ಎಣಿಸಿ ಹೊಲಿದರು. ಹೊಳಪು ಹೋಯಿತು, ಅದು ನಿಜ. ಫೋಟೊದಲ್ಲಿ ಪ್ಲಾಸ್ಟಿಕ್ ಕಣ್ಣಿನ ಆನೆಯೇ ಜಾಸ್ತಿ ಚೆನ್ನಾಗಿ ಕಾಣುತ್ತಿತ್ತು.

ಕಡ್ಡಿಯನ್ನೂ ಬದಲಾಯಿಸಿದರು. ಮೊದಲು 3.5 ಮಿ.ಮೀ. ಬಳಸುತ್ತಿದ್ದರು. ಹೊಟ್ಟೆಯನ್ನು ಎರಡು ಕೈಯಿಂದ ಸ್ವಲ್ಪ ಹಿಗ್ಗಿಸಿ ಬೆಳಕಿಗೆ ಹಿಡಿದಾಗ ಹೊಲಿಗೆಗಳ ನಡುವೆ ಬಿಳಿ ಫೈಬರ್ ಇಣುಕುತ್ತಿತ್ತು. ಮಗು ಆ ಸಂದಿಯಿಂದ ಫೈಬರ್ ಎಳೆದು ಬಾಯಿಗೆ ಹಾಕಿಕೊಳ್ಳಬಹುದು. 2.5 ಮಿ.ಮೀ. ಕಡ್ಡಿಯಲ್ಲಿ ಅದೇ ದಾರ ಹೆಣೆದಾಗ ಹೆಣಿಗೆ ಬಿಗಿಯಾಯಿತು, ಹಿಗ್ಗಿಸಿದರೂ ಬಿಳಿ ಕಾಣಲಿಲ್ಲ. ಕೈ ನೋವು ಜಾಸ್ತಿ, ಗೊಂಬೆ ಸ್ವಲ್ಪ ಚಿಕ್ಕದು, ಹೊತ್ತೂ ಜಾಸ್ತಿ. ಏಳು ಗಂಟೆಯ ಕೆಲಸ ಒಂಬತ್ತಾಯಿತು. ಕಿವಿ ಮತ್ತು ಬಾಲವನ್ನು ಒಂದು ಸುತ್ತು ಹೊಲಿದು ಬಿಡುತ್ತಿದ್ದವರು ಎರಡು ಸುತ್ತು ಹೊಲಿದರು.

ಇನ್ನು ತೊಳೆಯುವುದು. ಬರೆಯುವ ಮೊದಲು ತೊಳೆದು ನೋಡೋಣ ಅಂದೆ. ಹಳೆಯ ಗೊಂಬೆಗಳಲ್ಲಿ ಇನ್ನೊಂದು ಆನೆ ಇತ್ತು. ಉಗುರು ಬಿಸಿ ನೀರು, ಸ್ವಲ್ಪ ಸೋಪಿನ ಪುಡಿ, ಹತ್ತು ನಿಮಿಷ. ತೆಗೆದಾಗ ನೀರು ತಿಳಿಗೆಂಪು. ಆನೆಯ ಬೂದು ಬೆನ್ನಿನ ಮೇಲೆ ಜೂಲಿನ ಕೆಳಗೆ ಗುಲಾಬಿ ಕಲೆ. ಗಾಢ ಕೆಂಪು ದಾರದಲ್ಲಿ ಹೀಗಾಗುವುದು ಹೊಸದಲ್ಲ. ಜೊಲ್ಲಿನಲ್ಲಿ ನೆಂದರೂ ಆ ಬಣ್ಣ ಮಗುವಿನ ಬಾಯಿಗೇ ಹೋಗುತ್ತಿತ್ತು ಅಂತ ಅತ್ತಿಗೆ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಮನೆಯಲ್ಲಿದ್ದ ಎಲ್ಲ ದಾರದ ತುಂಡುಗಳನ್ನೂ ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟರು. ಬೆಳಿಗ್ಗೆ ಬಟ್ಟೆಯಲ್ಲಿ ಗುರುತು ಬಿಟ್ಟದ್ದು ಎರಡು, ಆ ಕೆಂಪು ಮತ್ತು ಒಂದು ಕಡುನೀಲಿ. ಎರಡನ್ನೂ ತೋರಣಕ್ಕೆ ಎತ್ತಿಟ್ಟರು. ಹೊಸ ಆನೆಯ ಜೂಲು ಸಾಸಿವೆ ಹಳದಿ ಆಯಿತು. ನಿಮ್ಮ ದಾರಕ್ಕೂ ಈ ಪರೀಕ್ಷೆ ಮಾಡಿ. ಒಂದೇ ಕಂಪನಿಯ ದಾರದಲ್ಲೂ ಒಂದು ಬಣ್ಣ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ.

ಒಣಗಿಸುವಾಗ ಇನ್ನೊಂದು ವಿಷಯ ಗೊತ್ತಾಯಿತು. ಹೊರಗೆ ಸಂಜೆಗೇ ಒಣಗಿತ್ತು, ಒತ್ತಿದರೆ ಒಳಗೆ ಇನ್ನೂ ತಣ್ಣಗೆ, ಒದ್ದೆ. ಪೂರ್ತಿ ಒಣಗಲು ಎರಡು ದಿನ ಬೇಕಾಯಿತು. ‘ಇದನ್ನೂ ಬರೆಯಬೇಕಾ? ಓದಿದವರು ತಗೊಳ್ಳದೇ ಹೋದರೆ?’ ಅಂದರು ಅತ್ತಿಗೆ. ಬರೆಯೋಣ ಅಂದೆ. ತೊಳೆದು ಅರ್ಧ ಒಣಗಿಸಿ ಮಗುವಿಗೆ ಕೊಟ್ಟರೆ ಮೂರನೇ ದಿನ ಮುಗ್ಗಲು ವಾಸನೆ ಬರುತ್ತದೆ, ಆಗ ಬೈಯುವುದು ಗೊಂಬೆಯನ್ನೇ.

ಈಗ ಬರೆಯಲು ಕೂತೆವು. ಶೀರ್ಷಿಕೆ ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಅಂದುಕೊಂಡೆವು, ನಮ್ಮ ಕನ್ನಡದ ತಾಯಂದಿರೂ ಹುಡುಕುವಾಗ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡುತ್ತಾರೆ. ‘ಕ್ರೋಶೆ ಎಲಿಫೆಂಟ್ ಸಾಫ್ಟ್ ಟಾಯ್ ಫಾರ್ ಬೇಬಿ, ಸ್ಟಿಚ್ಡ್ ಐಸ್, ವಾಷಬಲ್, 18 ಸೆಂ.ಮೀ.’ ಅಷ್ಟೇ. ವಸ್ತು ಏನು ಅನ್ನುವುದು ಮೊದಲು, ಯಾರಿಗೆ ಅನ್ನುವುದು ಆಮೇಲೆ, ಕೊನೆಗೆ ವಿಶೇಷ. ಫೋನಿನ ಹುಡುಕಾಟದ ಪಟ್ಟಿಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಹಾಗೆ ಹೋದರೂ ‘ಆನೆ, ಸಾಫ್ಟ್ ಟಾಯ್, ಮಗು’ ಉಳಿಯಬೇಕು.

ವಿವರವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿದೆವು. ಕನ್ನಡದ್ದು ಇದು:

‘ಕಣ್ಣು ಪ್ಲಾಸ್ಟಿಕ್ ಅಲ್ಲ, ಮಣಿಯೂ ಅಲ್ಲ. ದಾರದಲ್ಲೇ ಹೊಲಿದದ್ದು, ಗಂಟು ಒಳಗಿದೆ. ಉಗುರಿಗೆ ಸಿಗುವ ಬಿಡಿ ಭಾಗ ಗೊಂಬೆಯ ಮೇಲೆ ಎಲ್ಲೂ ಇಲ್ಲ.

ಹೊರಗೆ ಹತ್ತಿ ದಾರ, ಒಳಗೆ ಪಾಲಿಯೆಸ್ಟರ್ ಫೈಬರ್. ಹೆಣಿಗೆ ಬಿಗಿಯಾಗಿದೆ, ಫೈಬರ್ ಇಣುಕುವುದಿಲ್ಲ. ಎತ್ತರ 18 ಸೆಂ.ಮೀ., ಊಟದ ಮೇಜಿನ ನೀರಿನ ಚೊಂಬಿಗಿಂತ ಸ್ವಲ್ಪ ಎತ್ತರ. ಸೊಂಡಿಲು ಮಗುವಿನ ಮುಷ್ಟಿಗೆ ಸಿಗುವಷ್ಟು ಸಣ್ಣ.

ಇದೇ ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ರಾತ್ರಿಯಿಡೀ ಸುತ್ತಿಟ್ಟು ನೋಡಿದ್ದೇನೆ, ಬಣ್ಣ ಬಿಡಲಿಲ್ಲ. ಉಗುರು ಬಿಸಿ ನೀರಿನಲ್ಲಿ ಕೈಯಲ್ಲೇ ತೊಳೆಯಿರಿ. ಹಿಂಡಬೇಡಿ, ಟವೆಲ್‌ನಲ್ಲಿ ಒತ್ತಿ. ಒಳಗೆ ಪೂರ್ತಿ ಒಣಗಲು ಎರಡು ದಿನ ಬೇಕು.

ಒಂದೊಂದನ್ನೂ ಆರ್ಡರ್ ಬಂದ ಮೇಲೆ ಹೆಣೆಯುತ್ತೇನೆ. ಐದು ದಿನದಲ್ಲಿ ಕಳಿಸುತ್ತೇನೆ.’

ಕಣ್ಣಿನ ಸಾಲು ಮೊದಲು ಬಂದದ್ದು ಬೇಕಂತಲೇ. ಫೋನಿನಲ್ಲಿ ವಿವರದ ಒಂದೆರಡು ಸಾಲು ಕಂಡು, ಉಳಿದದ್ದು ‘ಇನ್ನಷ್ಟು’ ಒತ್ತಿದರೆ ಮಾತ್ರ ತೆರೆಯುತ್ತದೆ. ನಾಮಕರಣದ ಮನೆಯಲ್ಲಿ ಎಲ್ಲರ ಬೆರಳೂ ಮೊದಲು ಹೋದ ಜಾಗಕ್ಕೇ ಮೊದಲ ಸಾಲು ಹೋಗಬೇಕಿತ್ತು. ಚೊಂಬಿನ ಮಾತು ಅತ್ತಿಗೆಯದ್ದು. 18 ಸೆಂ.ಮೀ. ಅಂದರೆ ಎಷ್ಟು ಅಂತ ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟ. ಫೋಟೊದಲ್ಲಿ ಗೊಂಬೆ ಒಂಟಿಯಾಗಿ ನಿಂತರೆ ಅದು ಬೆರಳುದ್ದ ಇದೆಯೋ ಮೊಳದುದ್ದ ಇದೆಯೋ ತಿಳಿಯುವುದಿಲ್ಲ. ಒಂದು ಫೋಟೊದಲ್ಲಿ ಚೊಂಬನ್ನೂ ಪಕ್ಕದಲ್ಲಿ ಇಟ್ಟೆವು.

ಬರೆಯದೇ ಬಿಟ್ಟ ಮಾತುಗಳೂ ಇವೆ. ‘100% ಹತ್ತಿ’ ಅಂತ ಹಾಕಲಿಲ್ಲ, ಒಳಗಿರುವುದು ಪಾಲಿಯೆಸ್ಟರ್. ‘ಆರ್ಗ್ಯಾನಿಕ್’, ‘ನಾನ್ ಟಾಕ್ಸಿಕ್’ ಹಾಕಲಿಲ್ಲ, ಅದನ್ನು ತೋರಿಸುವ ಕಾಗದ ನಮ್ಮ ಹತ್ತಿರ ಇರಲಿಲ್ಲ. ‘ಟೀದರ್’ ಅನ್ನಲಿಲ್ಲ. ಮಗು ಬಾಯಿಗೆ ಹಾಕಿಕೊಳ್ಳುವುದು ಬೇರೆ, ಜಗಿಯಲೆಂದೇ ಮಾರುವುದು ಬೇರೆ. ‘ಸರ್ಟಿಫೈಡ್ ಸೇಫ್’ ಅಂತೂ ಬೇಡವೇ ಬೇಡ. ಇಲ್ಲಿ ಒಂದು ನಿಯಮ ನಿಮಗೆ ಗೊತ್ತಿರಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಕೇಂದ್ರದ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಇದರಿಂದ ವಿನಾಯಿತಿ ಇದೆ. ಅಲ್ಲಿ ಕೊಡುವ ಗುರುತಿನ ಚೀಟಿಗೆ ಪೆಹಚಾನ್ ಕಾರ್ಡ್ ಅನ್ನುತ್ತಾರೆ. ಅತ್ತಿಗೆ ಆ ಕಾರ್ಡ್ ಕೈಗೆ ಬಂದ ಮೇಲೆಯೇ ಹೊಸ ಲಿಸ್ಟಿಂಗ್ ಹಾಕಿದ್ದು. ನೀವು ಮಾಡಿಸಿಲ್ಲವಾದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಇನ್ನು ಜಿ.ಎಸ್.ಟಿ.: 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ರಾಜ್ಯದೊಳಗೆ ಮಾತ್ರ ಮಾರುವುದಾದರೆ ಪೂರ್ತಿ ನೋಂದಣಿ ಇಲ್ಲದೆ, ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಇಂಥ ತಾಣಗಳಲ್ಲಿ ಮಾರಬಹುದು. ಅತ್ತಿಗೆ ಹಾಗೇ ಕರ್ನಾಟಕಕ್ಕೆ ಮಾತ್ರ ಅಂತ ಹಾಕಿದ್ದರು.

ಹೊಸ ಲಿಸ್ಟಿಂಗ್ ಹಾಕಿದ ಮೇಲೆ ಮೊದಲು ಆದದ್ದು ಲೈಕ್ ಕಡಿಮೆಯಾದದ್ದು. ‘ಅಮಿಗುರುಮಿ’ ಹೋಯಿತು, ಹೆಣೆಯುವ ಗೆಳತಿಯರೂ ಹೋದರು. ಅತ್ತಿಗೆ ದಿನಾ ರಾತ್ರಿ ನೋಡಿ, ‘ಮೊದಲಿನದ್ದೇ ವಾಸಿ ಇತ್ತೇನೋ’ ಅನ್ನುತ್ತಿದ್ದರು. ಎರಡು ವಾರದಲ್ಲಿ ಇಬ್ಬರು ವಿಚಾರಿಸಿದರು. ಒಬ್ಬರು ಬೆಲೆ ಜಾಸ್ತಿ ಅಂದರು. ಇನ್ನೊಬ್ಬರಿಗೆ ನಾಳೆಯೇ ಬೇಕಿತ್ತು. ಇಬ್ಬರೂ ಲೈಕ್ ಕೊಟ್ಟಿರಲಿಲ್ಲ, ಪ್ಯಾಟರ್ನ್ ಕೇಳಿರಲಿಲ್ಲ. ನನಗೆ ಅದೇ ಒಳ್ಳೆಯ ಗುರುತು ಅನಿಸಿತು. ಬಂದವರು ಕೊಳ್ಳುವವರು.

ಮೂರನೇ ವಾರ, ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಮೆಸೇಜ್ ಬಂತು. ಮೈಸೂರಿನಿಂದ, ಕನ್ನಡದಲ್ಲೇ.

‘ಕಣ್ಣು ನಿಜವಾಗ್ಲೂ ದಾರದ್ದೇನಾ? ಫೋಟೊದಲ್ಲಿ ಗೊತ್ತಾಗ್ತಿಲ್ಲ.’

ಅತ್ತಿಗೆ ಮಲಗಿದ್ದವರು ಎದ್ದರು. ಅಡುಗೆಮನೆಯ ದೀಪ ಹಾಕಿ, ಆನೆಯನ್ನು ಕಟ್ಟೆಯ ಮೇಲೆ ಇಟ್ಟು, ಎಡಗೈಯಲ್ಲಿ ಫೋನ್ ಹಿಡಿದು ವಿಡಿಯೊ ಮಾಡಿದರು. ನಾಮಕರಣದ ಅಜ್ಜಿ ಮಾಡಿದ ಹಾಗೇ ಹೆಬ್ಬೆರಳ ಉಗುರನ್ನು ಕಣ್ಣಿನ ಕೆಳಗೆ ತೂರಿಸಲು ನೋಡಿದರು. ಉಗುರು ಜಾರಿತು. ಮತ್ತೆ ನೋಡಿದರು, ಮತ್ತೆ ಜಾರಿತು. ಆಮೇಲೆ ಕಿವಿ ಹಿಡಿದು ಆನೆಯನ್ನೇ ಮೇಲೆತ್ತಿ ಅಲ್ಲಾಡಿಸಿದರು. ಹತ್ತು ಸೆಕೆಂಡ್‌ನ ವಿಡಿಯೊ, ಹಿಂದೆ ಫ್ರಿಜ್ಜಿನ ಸದ್ದು. ಒಂದು ಮಾತೂ ಬರೆಯದೆ ಕಳಿಸಿದರು.

ಐದು ನಿಮಿಷ ಆಯಿತು. ‘ಸರಿ ಅಕ್ಕ, ಆರ್ಡರ್ ಹಾಕ್ತೀನಿ. 20ನೇ ತಾರೀಕು ಮಗನ ಹುಟ್ಟುಹಬ್ಬ, ಅಷ್ಟರೊಳಗೆ ಬರತ್ತಾ?’

ಅತ್ತಿಗೆ ಕ್ಯಾಲೆಂಡರ್ ನೋಡಿದರು. ಹನ್ನೊಂದು ದಿನ ಇತ್ತು. ‘ಬರತ್ತೆ’ ಅಂತ ಬರೆದರು. ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಮಾಡಿ, ‘ನಿದ್ದೆನೇ ಬರಲಿಲ್ಲ, ಆಗಲೇ ಒಂದು ಕಿವಿ ಹೆಣೆದೆ’ ಅಂದರು.

ಬೆಲೆ 750 ರೂಪಾಯಿ, ಕೊರಿಯರ್ ಬೇರೆ. ದಾರ, ಫೈಬರ್, ಡಬ್ಬಿ ಸೇರಿ ಸುಮಾರು 190 ಖರ್ಚು. ಒಂಬತ್ತು ಗಂಟೆ ಕೆಲಸಕ್ಕೆ ಉಳಿದದ್ದು 560, ಅಂದರೆ ಗಂಟೆಗೆ 62. ಇದು ಕಡಿಮೆಯೇ ಅಂತ ನಾನು ಹೇಳಿದೆ, ಈಗಲೂ ಹೇಳುತ್ತೇನೆ. ತಾಣದ ಕಮಿಷನ್ ಕಳೆದರೆ ಇನ್ನೂ ಕಡಿಮೆ. ಡಬ್ಬಿಯಲ್ಲೂ ಒಂದು ತಪ್ಪಾಗುವುದಿತ್ತು. ಮನೆಯಲ್ಲಿದ್ದ ದೊಡ್ಡ ಡಬ್ಬಿಯಲ್ಲಿ ಹಾಕಲು ಹೊರಟಿದ್ದರು. ಕೊರಿಯರ್‌ನವರು ಸಾಮಾನ್ಯವಾಗಿ ತೂಕದ ಜೊತೆ ಅಳತೆಯನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕೆ.ಜಿ., ನಿಜವಾದ ತೂಕಕ್ಕಿಂತ ಜಾಸ್ತಿಯಿದ್ದರೆ ಅದಕ್ಕೇ ದುಡ್ಡು. 30, 25, 20ರ ಡಬ್ಬಿ ಅಂದರೆ 3 ಕೆ.ಜಿ.! ಆನೆಯ ತೂಕ ನೂರು ಗ್ರಾಂ ಚಿಲ್ಲರೆ. 20, 15, 12ರ ಡಬ್ಬಿಯಲ್ಲಿ ಅದು 720 ಗ್ರಾಂಗೆ ಇಳಿಯಿತು.

ಆನೆ 17ಕ್ಕೇ ಮೈಸೂರು ಸೇರಿತು. ಹುಟ್ಟುಹಬ್ಬ ಕಳೆದ ಮೇಲೆ ನಾನು ಅತ್ತಿಗೆಗೆ, ‘ಯಾವ ಮಾತು ನೋಡಿ ತಗೊಂಡ್ರಿ ಅಂತ ಅವರನ್ನ ಕೇಳಿ’ ಅಂದೆ. ‘ಇಷ್ಟ ಆಯ್ತಾ’ ಅಂತ ಕೇಳಿದರೆ ‘ಹೌದು’ ಅಂತ ಮಾತ್ರ ಉತ್ತರ ಬರುತ್ತದೆ. ‘ಯಾವ ಮಾತು’ ಅಂತ ಕೇಳಿದರೆ ಮುಂದಿನ ಲಿಸ್ಟಿಂಗ್‌ಗೆ ಬೇಕಾದದ್ದು ಸಿಗುತ್ತದೆ.

ಆ ತಾಯಿ ಸ್ವಲ್ಪ ಉದ್ದವಾಗಿಯೇ ಬರೆದಿದ್ದರು. ಎಂಟು ತಿಂಗಳಿದ್ದಾಗ ಮಗು ಒಂದು ಕರಡಿ ಗೊಂಬೆಯ ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡಿತ್ತಂತೆ. ಬೆರಳು ಹಾಕಿ ತೆಗೆದರಂತೆ. ಆಮೇಲೆ ಮನೆಯಲ್ಲಿದ್ದ ಎಲ್ಲ ಗೊಂಬೆಗಳ ಕಣ್ಣನ್ನೂ ಅವರೇ ಕಿತ್ತು ಹಾಕಿದ್ದರಂತೆ. ‘ಉಗುರಿಗೆ ಸಿಗುವ ಬಿಡಿ ಭಾಗ ಎಲ್ಲೂ ಇಲ್ಲ ಅಂತ ಓದಿದಾಗ ನನ್ನ ಮನೇಲಿ ಆಗಿದ್ದು ನಿಮಗೆ ಗೊತ್ತೇನೋ ಅನಿಸ್ತು. ಆದ್ರೂ ಬರೆಯೋದು ಎಲ್ಲರೂ ಬರೀತಾರೆ ಅಂತ ಅನುಮಾನ ಇತ್ತು. ಒಣಗಲು ಎರಡು ದಿನ ಬೇಕು ಅಂತ ಬರೆದಿದ್ರಲ್ಲ, ಅದನ್ನ ನೋಡಿ ಇವರು ಸುಳ್ಳು ಹೇಳಲ್ಲ ಅಂದುಕೊಂಡು ಮೆಸೇಜ್ ಮಾಡಿದೆ.’

ಅತ್ತಿಗೆ ಬರೆಯಲು ಹಿಂಜರಿದ ಸಾಲು ಅದೇ. ಕಣ್ಣಿನ ಸಾಲು ಅವರನ್ನು ನಿಲ್ಲಿಸಿತು, ಒಣಗುವ ಸಾಲು ನಂಬಿಸಿತು.

ಈಗ ನಿಮ್ಮ ಗೊಂಬೆಗಳ ವಿಷಯ. 11ನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಮೊಲವನ್ನು ತೆಗೆದುಕೊಳ್ಳಿ. ಅದನ್ನು ಪುಟ್ಟ ಮಗುವಿರುವ ಮೂರು ನಾಲ್ಕು ಮನೆಗೆ ಒಯ್ದು ಕೈಗೆ ಕೊಡಿ. ಹೊಗಳಿಕೆ ಬರೆದುಕೊಳ್ಳಬೇಡಿ, ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ, ಪ್ರಶ್ನೆ ಬರೆದುಕೊಳ್ಳಿ. ನಿಮ್ಮ ಮೊಲದ ಪ್ರಶ್ನೆಗಳು ಆನೆಯ ಪ್ರಶ್ನೆಗಳೇ ಆಗಿರಬೇಕಿಲ್ಲ. ಉದ್ದ ಕಿವಿ ಇದ್ದರೆ ‘ಎಳೆದರೆ ಬರತ್ತಾ’ ಅನ್ನುವುದು ಕಣ್ಣಿಗಿಂತ ಮೊದಲು ಬರಬಹುದು. ಕತ್ತಿಗೆ ರಿಬ್ಬನ್ ಕಟ್ಟಿದ್ದರೆ ಅದನ್ನೇ ಕೇಳಬಹುದು. ಹಾಗೆ ಕೇಳಿದರೆ ರಿಬ್ಬನ್ ಬಿಚ್ಚಿಬಿಡಿ, ಅದರ ಬದಲು ಮೈಗೇ ಹೆಣೆದ ಒಂದು ಪಟ್ಟಿ ಸಾಕು. ಯಾವ ಪ್ರಶ್ನೆ ಎಲ್ಲರೂ ಮೊದಲು ಕೇಳಿದರೋ ಅದರ ಉತ್ತರ ಮೊದಲ ಸಾಲು. ಉತ್ತರ ಬರೆಯಲು ಧೈರ್ಯ ಬರದಿದ್ದರೆ ಲಿಸ್ಟಿಂಗ್ ಬಿಟ್ಟು ಹೆಣಿಗೆಗೆ ಹೋಗಿ.

ಪ್ಲಾಸ್ಟಿಕ್ ಕಣ್ಣಿನ ಗೊಂಬೆಗಳು ಈಗಾಗಲೇ ಇದ್ದರೆ ಅವನ್ನು ಬಿಸಾಡಬೇಕಿಲ್ಲ. ಶೀರ್ಷಿಕೆಯಿಂದ ‘ಬೇಬಿ’ ತೆಗೆದು, ‘ಪ್ಲಾಸ್ಟಿಕ್ ಕಣ್ಣಿದೆ, ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ’ ಅಂತ ಮೊದಲ ಸಾಲಿನಲ್ಲೇ ಹಾಕಿ. ಅತ್ತಿಗೆಯ ಉಳಿದ ಏಳರಲ್ಲಿ ಐದು ಹಾಗೇ ಹೋದವು. ಹೆಚ್ಚಿನವನ್ನು ಕಾಲೇಜಿನ ಹುಡುಗಿಯರೇ ತೆಗೆದುಕೊಂಡರು, ಬ್ಯಾಗಿಗೆ ತೂಗಿಸಲು, ಮೇಜಿನ ಮೇಲಿಡಲು. ತೊಳೆದು ಗುಲಾಬಿ ಕಲೆಯಾದ ಆನೆ ಮಾತ್ರ ಹಾಸನದ ಮನೆಯ ಟಿ.ವಿ. ಪಕ್ಕದಲ್ಲೇ ಇದೆ. ಹೊಸ ದಾರ ತಂದಾಗಲೆಲ್ಲ ಅತ್ತಿಗೆ ಅದನ್ನು ಒಮ್ಮೆ ನೋಡಿ, ಒದ್ದೆ ಬಿಳಿ ಬಟ್ಟೆ ತರಲು ಒಳಗೆ ಹೋಗುತ್ತಾರೆ.